ಬಾಹ್ಯ ಬಿಂದುವಿನಿಂದ ಸ್ಪರ್ಶಕ ಮತ್ತು ಛೇದಕ: ಸಮ ಗುಣಲಬ್ಧದ ಲೆಕ್ಕಗಳನ್ನು ಬಿಡಿಸುವ ಬಗೆ

ವೃತ್ತದ ಹೊರಗೆ P ಎಂಬ ಒಂದು ಬಿಂದು ಇದೆ ಎಂದುಕೊಳ್ಳೋಣ. P ಯಿಂದ ಎಳೆದ ಸ್ಪರ್ಶಕವು ವೃತ್ತವನ್ನು T ಯಲ್ಲಿ ಮುಟ್ಟುತ್ತದೆ. ಅದೇ P ಯಿಂದ ಹೊರಟ ಛೇದಕವು ವೃತ್ತವನ್ನು ಮೊದಲು A ಯಲ್ಲಿ, ಆಮೇಲೆ B ಯಲ್ಲಿ ಕತ್ತರಿಸುತ್ತದೆ. ಆಗ

PA × PB = PT²

ಛೇದಕವನ್ನು P ಯ ಸುತ್ತ ಸ್ವಲ್ಪ ತಿರುಗಿಸಿದರೆ PA ಮತ್ತು PB ಎರಡೂ ಬದಲಾಗುತ್ತವೆ, ಆದರೆ ಅವುಗಳ ಗುಣಲಬ್ಧ ಬದಲಾಗುವುದಿಲ್ಲ. ಆದ್ದರಿಂದ P ಯಿಂದ PCD ಎಂಬ ಇನ್ನೊಂದು ಛೇದಕವನ್ನು ಎಳೆದರೆ PC × PD ಕೂಡ ಅದೇ ಸಂಖ್ಯೆಗೆ ಸಮನಾಗಿರುತ್ತದೆ. ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೂರನೆಯ ಪುಸ್ತಕದಲ್ಲಿ ಇದು 36ನೆಯ ಪ್ರಮೇಯ, ಇದರ ವಿಲೋಮ 37ನೆಯದು. ಈ ಲೇಖನದಲ್ಲಿ ಆ ಬದಲಾಗದ ಗುಣಲಬ್ಧವನ್ನು k ಎಂದು ಕರೆಯುತ್ತೇನೆ. ಲೆಕ್ಕ ಯಾವುದೇ ಇರಲಿ, ಮೊದಲು k ಎಷ್ಟೆಂದು ಕಂಡುಕೊಂಡು, ಆಮೇಲೆ ಬೇಕಾದ ಉದ್ದದ ಕಡೆಗೆ ಹೋಗುವುದೇ ನನಗೆ ಸರಿಯೆನಿಸಿದ ಕ್ರಮ.

ಗುಣಲಬ್ಧ ಏಕೆ ಬದಲಾಗುವುದಿಲ್ಲ

ಸಾಮಾನ್ಯವಾಗಿ ಇದನ್ನು PTA ಮತ್ತು PBT ತ್ರಿಭುಜಗಳ ಸಮರೂಪತೆಯಿಂದ ಸಾಧಿಸುತ್ತಾರೆ. P ಯಲ್ಲಿರುವ ಕೋನ ಎರಡಕ್ಕೂ ಸಾಮಾನ್ಯ; ಸ್ಪರ್ಶಕಕ್ಕೂ TA ಜ್ಯಾಕ್ಕೂ ನಡುವಿನ ಕೋನವು ಪರ್ಯಾಯ ವೃತ್ತಖಂಡದಲ್ಲಿರುವ PBT ಕೋನಕ್ಕೆ ಸಮ. ಹಾಗಾಗಿ PT : PB = PA : PT ಎಂಬ ಅನುಪಾತ ದೊರೆತು, ಅದರಿಂದ ಸೂತ್ರ ಬರುತ್ತದೆ. ಸಾಧನೆ ಚಿಕ್ಕದು, ಸುಂದರವೂ ಹೌದು. ಆದರೆ ಲೆಕ್ಕ ಬಿಡಿಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಪೈಥಾಗೊರಸ್ ಪ್ರಮೇಯವನ್ನು ಮಾತ್ರ ಬಳಸುವ ಎರಡನೆಯ ಸಾಧನೆ, ಏಕೆಂದರೆ ಅದರ ನಡುವಿನ ಸಾಲುಗಳೇ ಮುಂದೆ ಉಪಕರಣಗಳಾಗುತ್ತವೆ.

ವೃತ್ತಕೇಂದ್ರ O ದಿಂದ AB ಜ್ಯಾಕ್ಕೆ OM ಲಂಬವನ್ನು ಎಳೆಯಿರಿ. ಕೇಂದ್ರದಿಂದ ಎಳೆದ ಲಂಬವು ಜ್ಯಾವನ್ನು ಸಮಭಾಗ ಮಾಡುವುದರಿಂದ AM = MB ಆಗುತ್ತದೆ. P ಯಿಂದ ಅಳೆದಾಗ PA ಎಂದರೆ PM ನಿಂದ AM ಕಳೆದದ್ದು, PB ಎಂದರೆ PM ಗೆ ಅದೇ AM ಅನ್ನು ಕೂಡಿಸಿದ್ದು. ಆದ್ದರಿಂದ

PA × PB = (PM − AM)(PM + AM) = PM² − AM²

OMP ಲಂಬಕೋನ ತ್ರಿಭುಜದಲ್ಲಿ PM² = OP² − OM², ಮತ್ತು OMA ತ್ರಿಭುಜದಲ್ಲಿ, ತ್ರಿಜ್ಯವನ್ನು r ಎಂದುಕೊಂಡರೆ, AM² = r² − OM². ಒಂದರಿಂದ ಇನ್ನೊಂದನ್ನು ಕಳೆದಾಗ OM² ಹೊರಟುಹೋಗಿ OP² − r² ಮಾತ್ರ ಉಳಿಯುತ್ತದೆ. ಛೇದಕ ಯಾವ ದಿಕ್ಕಿನಲ್ಲಿ ಹೋಗುತ್ತದೆ ಎಂಬುದನ್ನು ಹೇಳುತ್ತಿದ್ದದ್ದು OM ಒಂದೇ. ಅದು ಇಲ್ಲವಾದ ಮೇಲೆ ದಿಕ್ಕಿನ ಪ್ರಶ್ನೆಯೂ ಉಳಿಯುವುದಿಲ್ಲ. ಇನ್ನು OT ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾಗಿರುವುದರಿಂದ OP² − r² ಎಂಬುದು PT² ಅಲ್ಲದೆ ಬೇರೆಯಲ್ಲ. ಹೀಗೆ k ಯನ್ನು ಕಂಡುಹಿಡಿಯಲು ಮೂರು ದಾರಿಗಳು ನಮ್ಮ ಕೈಗೆ ಬಂದವು:

k = PA × PB = PT² = OP² − r²

ಪ್ರಶ್ನೆಯಲ್ಲಿ ಛೇದಕದ ಭಾಗಗಳನ್ನು ಕೊಟ್ಟಿದ್ದಾರೆಯೇ, ಸ್ಪರ್ಶಕದ ಉದ್ದವನ್ನು ಕೊಟ್ಟಿದ್ದಾರೆಯೇ, ಕೇಂದ್ರದ ದೂರವನ್ನೂ ತ್ರಿಜ್ಯವನ್ನೂ ಕೊಟ್ಟಿದ್ದಾರೆಯೇ ಎಂದು ನೋಡಿ, ಯಾವ ದಾರಿ ತೆರೆದಿದೆಯೋ ಅದರಿಂದ k ಯನ್ನು ಪಡೆಯಬೇಕು. ಉಳಿದ ಕೆಲಸ ಇನ್ನೊಂದು ದಾರಿಯಿಂದ ಹೊರಗೆ ಬರುವುದು.

ಮೊದಲ ಹೆಜ್ಜೆ: ಎಲ್ಲ ಉದ್ದಗಳನ್ನೂ P ಯಿಂದಲೇ ಅಳೆಯುವುದು

ಚಿತ್ರ ಬರೆಯುವಾಗ P ಯನ್ನು ಒಂದು ಅಂಚಿನಲ್ಲಿಟ್ಟು, ಛೇದಕದ ಮೇಲೆ P, A, B ಎಂಬ ಕ್ರಮ ತಪ್ಪದಂತೆ ಗುರುತಿಸಿ. ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೊಡುವುದು PA ಮತ್ತು AB, ಅಂದರೆ ವೃತ್ತದ ಹೊರಗಿನ ಭಾಗ ಮತ್ತು ಒಳಗಿನ ಜ್ಯಾ. ಸೂತ್ರ ಕೇಳುವುದಾದರೋ PA ಮತ್ತು PB ಯನ್ನು, ಅಂದರೆ ಹೊರಗಿನ ಭಾಗ ಮತ್ತು ಇಡೀ ಛೇದಕವನ್ನು. ಈ ವಿಷಯದಲ್ಲಿ ಕಳೆದುಹೋಗುವ ಅಂಕಗಳಲ್ಲಿ ದೊಡ್ಡ ಪಾಲು ಇಲ್ಲೇ ಹೋಗುತ್ತದೆ. ಎರಡು ಜ್ಯಾಗಳು ವೃತ್ತದ ಒಳಗೆ ಒಂದನ್ನೊಂದು ಕತ್ತರಿಸುವಾಗ ಜ್ಯಾದ ಎರಡು ತುಂಡುಗಳನ್ನೇ ಗುಣಿಸುತ್ತೇವೆ. ಆ ಅಭ್ಯಾಸ ಹೊರಗಿನ ಬಿಂದುವಿಗೂ ಹರಿದು ಬಂದು ಕೈ ತಾನಾಗಿ PA × AB ಎಂದು ಬರೆದುಬಿಡುತ್ತದೆ. ವಾಸ್ತವದಲ್ಲಿ ನಿಯಮ ಎರಡು ಕಡೆಯೂ ಒಂದೇ: ಗೆರೆಗಳು ಸೇರುವ ಬಿಂದುವಿನಿಂದ ವೃತ್ತದವರೆಗಿನ ಎರಡು ದೂರಗಳನ್ನು ಗುಣಿಸಬೇಕು. ಬಿಂದು ಒಳಗಿದ್ದಾಗ ಆ ದೂರಗಳು ಜ್ಯಾದ ತುಂಡುಗಳಾಗಿರುತ್ತವೆ, ಹೊರಗಿದ್ದಾಗ ಆಗಿರುವುದಿಲ್ಲ.

PA = 9 ಸೆಂ.ಮೀ., AB = 7 ಸೆಂ.ಮೀ. ಎಂದು ಕೊಟ್ಟು ಸ್ಪರ್ಶಕದ ಉದ್ದವನ್ನು ಕೇಳಿದರೆ, ಮೊದಲು PB = 9 + 7 = 16 ಎಂದು ಬೇರೆ ಸಾಲಿನಲ್ಲೇ ಬರೆಯಿರಿ. ಆಗ k = 9 × 16 = 144, ಆದ್ದರಿಂದ PT = 12 ಸೆಂ.ಮೀ. ತಪ್ಪು ದಾರಿಯಲ್ಲಿ ಹೋದವರಿಗೆ 9 × 7 = 63 ದೊರೆತು, PT ಸುಮಾರು 7.94 ಎಂದಾಗುತ್ತದೆ. ಇದು ತಪ್ಪೆಂದು ಉತ್ತರಪಟ್ಟಿ ನೋಡದೆಯೇ ಹೇಳಬಹುದು: PT² ಎಂಬುದು PA ಮತ್ತು PB ಗಳ ಗುಣಲಬ್ಧವಾದ್ದರಿಂದ PT ಯಾವಾಗಲೂ PA ಗಿಂತ ದೊಡ್ಡದಾಗಿ, PB ಗಿಂತ ಚಿಕ್ಕದಾಗಿ ಇರಲೇಬೇಕು. 7.94 ಎಂಬುದು 9 ಕ್ಕಿಂತ ಕಡಿಮೆ.

ಈ ಪರೀಕ್ಷೆ ಎಲ್ಲ ತಪ್ಪುಗಳನ್ನೂ ಹಿಡಿಯುವುದಿಲ್ಲ ಎಂಬುದನ್ನು ಗಮನಿಸಬೇಕು. PA = 4, AB = 5 ಎಂದಿದ್ದರೆ ಸರಿಯಾದ ಉತ್ತರ 6; ತಪ್ಪು ಗುಣಾಕಾರದಿಂದ ಸಿಗುವುದು √20, ಅಂದರೆ ಸುಮಾರು 4.47. ಅದೂ 4 ಮತ್ತು 9 ರ ನಡುವೆಯೇ ಇರುವುದರಿಂದ ಸಂಶಯ ಬರುವುದಿಲ್ಲ. ಜ್ಯಾ ಹೊರಗಿನ ಭಾಗಕ್ಕಿಂತ ಚಿಕ್ಕದಾಗಿದ್ದಾಗ ಮಾತ್ರ ತಪ್ಪು ಉತ್ತರ ಮೇರೆ ದಾಟುತ್ತದೆ. ಹಾಗಾಗಿ PB ಯನ್ನು ಪ್ರತ್ಯೇಕವಾಗಿ ಬರೆಯುವ ಸಾಲನ್ನು ಎಷ್ಟೇ ಅವಸರವಿದ್ದರೂ ಬಿಡಬಾರದು.

ಎರಡನೆಯ ಹೆಜ್ಜೆ: ಹೊರಗಿನ ಭಾಗವೇ ಗೊತ್ತಿಲ್ಲದಿದ್ದಾಗ

ಸ್ಪರ್ಶಕ ಮತ್ತು ಜ್ಯಾ ಎರಡನ್ನೂ ಕೊಟ್ಟು ಹೊರಗಿನ ಭಾಗವನ್ನು ಕೇಳಿದಾಗ ವರ್ಗಸಮೀಕರಣ ಎದುರಾಗುತ್ತದೆ. PT = 10 ಸೆಂ.ಮೀ., AB = 15 ಸೆಂ.ಮೀ. ಎಂದಿರಲಿ. PA ಯನ್ನು x ಎಂದುಕೊಂಡರೆ PB = x + 15, ಆದ್ದರಿಂದ

x(x + 15) = 100
x² + 15x − 100 = 0
(x − 5)(x + 20) = 0

x = 5 ಅಥವಾ x = −20. ಉದ್ದ ಋಣವಾಗಿರಲು ಸಾಧ್ಯವಿಲ್ಲವೆಂದು ಎರಡನೆಯದನ್ನು ಹೊಡೆದುಹಾಕಿ PA = 5 ಸೆಂ.ಮೀ. ಎಂದು ಬರೆಯುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಹೊಡೆದುಹಾಕುವ ಮುನ್ನ ಆ ಸಂಖ್ಯೆಯನ್ನು ಒಮ್ಮೆ ನೋಡಿ: PB = 5 + 15 = 20. ತಿರಸ್ಕರಿಸಿದ ಮೂಲದಿಂದ ಋಣಚಿಹ್ನೆಯನ್ನು ತೆಗೆದರೆ ಸಿಗುವುದು PB ಯೇ. ಇದು ಆಕಸ್ಮಿಕವಲ್ಲ, ಎರಡು ಮೂಲಗಳ ಗುಣಲಬ್ಧ −100, ಮೊತ್ತ −15 ಆಗಿರುವುದರಿಂದ ಒಂದು PA ಆದರೆ ಇನ್ನೊಂದು −PB ಆಗಲೇಬೇಕು. ಅಪವರ್ತಿಸುವಾಗ ಚಿಹ್ನೆಗಳು ಅದಲುಬದಲಾಗಿ x = 20, x = −5 ಎಂದು ಬಂದುಬಿಟ್ಟರೆ ಈ ಹೊಂದಾಣಿಕೆಯೇ ಎಚ್ಚರಿಸುತ್ತದೆ: PA 20 ಆದರೆ PB 35 ಆಗಬೇಕು, ಆದರೆ ಇನ್ನೊಂದು ಮೂಲ 5 ಎಂದು ಹೇಳುತ್ತಿದೆ.

ಅಪವರ್ತಿಸುವುದು ಕಷ್ಟವಾದ ಸಂಖ್ಯೆಗಳಿದ್ದಾಗ ಮೇಲಿನ ಸಾಧನೆಯಿಂದ PM² − AM² ಎಂಬ ಸಾಲನ್ನು ಎತ್ತಿಕೊಳ್ಳಿ. AB = 15 ಆದ್ದರಿಂದ AM = 7.5. ಹಾಗಾದರೆ PM² = 100 + 56.25 = 156.25, ಅಂದರೆ PM = 12.5. ಅದರಿಂದ 7.5 ಕಳೆದರೆ PA = 5, ಕೂಡಿಸಿದರೆ PB = 20. ಎರಡೂ ಉದ್ದಗಳು ಒಟ್ಟಿಗೆ ಸಿಗುತ್ತವೆ, ಋಣಮೂಲದ ಪ್ರಶ್ನೆಯೇ ಏಳುವುದಿಲ್ಲ. ಶಾಲೆಯ ಉತ್ತರಪತ್ರಿಕೆಯಲ್ಲಿ ವರ್ಗಸಮೀಕರಣವನ್ನೇ ಬರೆಯುವವರೂ ಪಕ್ಕದಲ್ಲಿ ಹೀಗೆ ತಾಳೆ ನೋಡಿಕೊಳ್ಳಬಹುದು.

ಈ ಲೆಕ್ಕದಲ್ಲಿ ವೃತ್ತದ ತ್ರಿಜ್ಯ ಎಷ್ಟೆಂದು ಯಾರಾದರೂ ಕೇಳಿದರೆ ಉತ್ತರಿಸಲಾಗದು. 15 ಸೆಂ.ಮೀ. ಜ್ಯಾ ಹಿಡಿಸುವಂತೆ ತ್ರಿಜ್ಯ 7.5 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿರಬೇಕು ಎಂಬುದಷ್ಟೇ ಖಚಿತ. ಅದನ್ನು ನಿರ್ಧರಿಸಲು OM ಅಥವಾ OP ಯನ್ನು ಕೊಡಬೇಕಾಗುತ್ತದೆ.

ಸೂತ್ರ ಹೌದೆಂದರೂ ವೃತ್ತ ಒಪ್ಪದ ಸಂದರ್ಭ

ಈಗ ಸ್ವಲ್ಪ ಆಳವಾದ ಪ್ರಶ್ನೆಯೊಂದನ್ನು ಪೂರ್ತಿಯಾಗಿ ಬಿಡಿಸೋಣ. ತ್ರಿಜ್ಯ 9 ಸೆಂ.ಮೀ. ಇರುವ ವೃತ್ತದ ಕೇಂದ್ರದಿಂದ 15 ಸೆಂ.ಮೀ. ದೂರದಲ್ಲಿ P ಇದೆ. ಹೊರಗಿನ ಭಾಗವೂ ಒಳಗಿನ ಜ್ಯಾವೂ ಸಮನಾಗಿರುವಂತೆ, ಅಂದರೆ PA = AB ಆಗುವಂತೆ, P ಯಿಂದ ಛೇದಕವನ್ನು ಎಳೆಯಬೇಕು. PA ಎಷ್ಟು?

k ಗೆ ಇಲ್ಲಿ ತೆರೆದಿರುವ ದಾರಿ ಕೇಂದ್ರದ ದೂರ: k = 15² − 9² = 225 − 81 = 144. PA = AB ಆದ್ದರಿಂದ PB ಎಂಬುದು PA ಯ ಎರಡರಷ್ಟು. ಹಾಗಾಗಿ 2PA² = 144, PA² = 72, PA = 6√2, ಅಂದರೆ ಸುಮಾರು 8.49 ಸೆಂ.ಮೀ. ಬೀಜಗಣಿತ ಇಲ್ಲಿಗೆ ಮುಗಿಯುತ್ತದೆ. ಲೆಕ್ಕ ಇನ್ನೂ ಮುಗಿದಿಲ್ಲ. AB ಒಂದು ಜ್ಯಾ ಆಗಿರುವುದರಿಂದ ಅದು ವ್ಯಾಸಕ್ಕಿಂತ, ಅಂದರೆ 18 ಸೆಂ.ಮೀ. ಗಿಂತ ಹೆಚ್ಚಿರಬಾರದು. 8.49 ಅದರೊಳಗೇ ಇದೆ, ಆದ್ದರಿಂದ ಅಂಥ ಛೇದಕ ಇದೆ. ನಿಜಕ್ಕೂ OP ಯ ಎರಡು ಬದಿಗಳಲ್ಲಿ ಒಂದೊಂದರಂತೆ ಎರಡು ಇವೆ. ಎಳೆಯಬೇಕೆಂದರೆ P ಯನ್ನು ಕೇಂದ್ರವಾಗಿಟ್ಟು 8.5 ಸೆಂ.ಮೀ. ತ್ರಿಜ್ಯದ ಕಂಸವನ್ನು ಕೈವಾರದಿಂದ ಎಳೆದು, ಅದು ವೃತ್ತವನ್ನು ಕತ್ತರಿಸಿದಲ್ಲಿ A ಯನ್ನು ಗುರುತಿಸಿ, PA ಯನ್ನು ಮುಂದುವರಿಸಿದರೆ ಆಯಿತು; AB ಯನ್ನು ಅಳತೆಪಟ್ಟಿಯಿಂದ ನೋಡಿದಾಗ ಅದೂ ಸುಮಾರು 8.5 ಇರುತ್ತದೆ.

ಈಗ ಅದೇ ಪ್ರಶ್ನೆಯನ್ನು ತ್ರಿಜ್ಯ 3 ಸೆಂ.ಮೀ., OP = 10 ಸೆಂ.ಮೀ. ಎಂದು ಬದಲಿಸಿ. k = 100 − 9 = 91, PA² = 45.5, PA ಸುಮಾರು 6.75 ಸೆಂ.ಮೀ. ಉತ್ತರ ಧನ ಸಂಖ್ಯೆಯೇ. ನೋಡಲು ಯಾವ ದೋಷವೂ ಇಲ್ಲ. ಆದರೆ AB ಯೂ 6.75 ಆಗಬೇಕಲ್ಲವೇ? ಈ ವೃತ್ತದ ವ್ಯಾಸವೇ 6 ಸೆಂ.ಮೀ. ಅಷ್ಟು ಉದ್ದದ ಜ್ಯಾ ಅದರಲ್ಲಿ ಹಿಡಿಸುವುದೇ ಇಲ್ಲ, ಆದ್ದರಿಂದ ಅಂಥ ಛೇದಕ ಇಲ್ಲ. ಕಾಗದದ ಮೇಲೆ ಎಳೆಯಲು ಹೊರಟರೆ P ಯಿಂದ ಹಾಕಿದ 6.75 ಸೆಂ.ಮೀ. ಕಂಸವು ವೃತ್ತವನ್ನು ಮುಟ್ಟುವುದೇ ಇಲ್ಲ, ಏಕೆಂದರೆ P ಗೆ ಅತಿ ಹತ್ತಿರದ ವೃತ್ತಬಿಂದುವೇ 10 − 3 = 7 ಸೆಂ.ಮೀ. ದೂರದಲ್ಲಿದೆ.

ಗೆರೆ ಎಲ್ಲಿದೆ ಎಂಬುದನ್ನೂ ಇದರಿಂದಲೇ ಕಂಡುಹಿಡಿಯಬಹುದು. ಜ್ಯಾ ಹೆಚ್ಚೆಂದರೆ 2r ಇರಬಹುದು; ಆದ್ದರಿಂದ PA² = (OP² − r²)/2 ಎಂಬುದು 4r² ಕ್ಕಿಂತ ಹೆಚ್ಚಿರಬಾರದು. ಇದನ್ನು ಸರಳಗೊಳಿಸಿದರೆ OP² ≤ 9r², ಅಂದರೆ OP ≤ 3r. P ಯು ಕೇಂದ್ರದಿಂದ ತ್ರಿಜ್ಯದ ಮೂರರಷ್ಟು ದೂರದೊಳಗೆ ಇದ್ದರೆ ಮಾತ್ರ ಹೊರಭಾಗವೂ ಜ್ಯಾವೂ ಸಮನಾಗುವ ಛೇದಕ ಸಾಧ್ಯ. ಸರಿಯಾಗಿ 3r ದೂರದಲ್ಲಿದ್ದರೆ ಅಂಥ ಛೇದಕ ಒಂದೇ, ಅದು ಕೇಂದ್ರದ ಮೂಲಕವೇ ಹೋಗುತ್ತದೆ. ತ್ರಿಜ್ಯ 9 ಇದ್ದಾಗ ಮಿತಿ 27, ನಮ್ಮ P ಇದ್ದದ್ದು 15 ರಲ್ಲಿ. ತ್ರಿಜ್ಯ 3 ಇದ್ದಾಗ ಮಿತಿ 9, P ಇದ್ದದ್ದು 10 ರಲ್ಲಿ. ಅಭ್ಯಾಸಕ್ಕೆಂದು ತಾವೇ ಲೆಕ್ಕಗಳನ್ನು ರಚಿಸುವ ಶಿಕ್ಷಕರು ತ್ರಿಜ್ಯವನ್ನು ಕೊಡುವಾಗಲೆಲ್ಲ ಜ್ಯಾವನ್ನು ವ್ಯಾಸದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲದ ಚಿತ್ರಕ್ಕೂ ಸೂತ್ರ ಅಚ್ಚುಕಟ್ಟಾದ ಉತ್ತರ ಕೊಟ್ಟುಬಿಡುತ್ತದೆ.

ಎರಡು ವೃತ್ತಗಳಿಗೆ ಒಂದೇ ಬಿಂದು

ಎರಡು ವೃತ್ತಗಳು A ಮತ್ತು B ಗಳಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಅವುಗಳ ಒಂದು ಸಾಮಾನ್ಯ ಸ್ಪರ್ಶಕವು ಮೊದಲ ವೃತ್ತವನ್ನು S ನಲ್ಲಿ, ಎರಡನೆಯದನ್ನು T ಯಲ್ಲಿ ಮುಟ್ಟುತ್ತದೆ. AB ಯನ್ನು ಮುಂದುವರಿಸಿದಾಗ ಅದು ST ಯನ್ನು P ಯಲ್ಲಿ ಸಂಧಿಸುತ್ತದೆ. ST = 24 ಸೆಂ.ಮೀ., AB = 10 ಸೆಂ.ಮೀ. ಆದರೆ P ಯಿಂದ ಹತ್ತಿರದ ಛೇದನಬಿಂದು ಎಷ್ಟು ದೂರದಲ್ಲಿದೆ?

ತ್ರಿಜ್ಯಗಳನ್ನು ಕೊಟ್ಟಿಲ್ಲ ಎಂದು ಗಾಬರಿಯಾಗಬೇಕಿಲ್ಲ. P ಸ್ಪರ್ಶಕದ ಮೇಲಿದೆ, ಸ್ಪರ್ಶ ಬಿಂದುಗಳಲ್ಲಿ ಇಲ್ಲ. ಆದ್ದರಿಂದ ಅದು ಎರಡೂ ವೃತ್ತಗಳ ಹೊರಗಿದೆ. ಮೊದಲ ವೃತ್ತದಲ್ಲಿ k = PS², ಎರಡನೆಯದರಲ್ಲಿ k = PT². ಆದರೆ PAB ಎಂಬ ಛೇದಕ ಎರಡಕ್ಕೂ ಒಂದೇ ಆಗಿರುವುದರಿಂದ ಎರಡೂ k ಗಳು PA × PB ಗೇ ಸಮ. ಹೀಗಾಗಿ PS = PT, ಅಂದರೆ P ಯು ST ಯ ಮಧ್ಯಬಿಂದು, ಮತ್ತು PS = 12. ಮುಂದಿನದು ನಮಗೆ ಪರಿಚಿತವಾದ ಲೆಕ್ಕ: PM² = 144 + 25 = 169, PM = 13, PA = 13 − 5 = 8 ಸೆಂ.ಮೀ. PB = 18, ಮತ್ತು 8 × 18 = 144 ಎಂದು ತಾಳೆಯಾಗುತ್ತದೆ. ಎರಡು ವೃತ್ತಗಳ ಗಾತ್ರ ಎಷ್ಟೇ ಬೇರೆಯಾಗಿದ್ದರೂ ಸಾಮಾನ್ಯ ಜ್ಯಾವು ಸಾಮಾನ್ಯ ಸ್ಪರ್ಶಕವನ್ನು ಸರಿಯಾಗಿ ನಡುವೆ ಕತ್ತರಿಸುತ್ತದೆ ಎಂಬ ಸಂಗತಿ ಕಣ್ಣಂದಾಜಿಗೆ ಅಷ್ಟು ಸುಲಭವಾಗಿ ಹೊಳೆಯುವಂಥದ್ದಲ್ಲ. ಇಂಥ ಪ್ರಶ್ನೆಗಳಲ್ಲಿ ಹುಡುಕಬೇಕಾದದ್ದು ಎರಡೂ ವೃತ್ತಗಳು ಹಂಚಿಕೊಂಡಿರುವ ಗೆರೆಯನ್ನು.

ವಿಲೋಮವನ್ನು ಬಳಸುವುದು

ಒಂದು ಗೆರೆ ಸ್ಪರ್ಶಕವೆಂದು ಸಾಧಿಸಬೇಕಾದಾಗ ಯೂಕ್ಲಿಡ್‌ನ 37ನೆಯ ಪ್ರಮೇಯ ನೆರವಿಗೆ ಬರುತ್ತದೆ: ವೃತ್ತದ ಮೇಲಿನ T ಗೆ PT² = PA × PB ಆಗಿದ್ದರೆ PT ವೃತ್ತವನ್ನು T ಯಲ್ಲಿ ಸ್ಪರ್ಶಿಸುತ್ತದೆ. ಬಾಹುಗಳು 6, 8, 10 ಇರುವ ಲಂಬಕೋನ ತ್ರಿಭುಜ ABC ಯಲ್ಲಿ C ಲಂಬಕೋನ, AC = 6 ಇರಲಿ; C ಯಿಂದ AB ಗೆ CD ಲಂಬವನ್ನು ಎಳೆದರೆ AD = 3.6 ಎಂದು ಸಮರೂಪತೆಯಿಂದ ಬರುತ್ತದೆ. AD × AB = 36 = AC². ಆದ್ದರಿಂದ C, D, B ಗಳ ಮೂಲಕ ಹೋಗುವ ವೃತ್ತಕ್ಕೆ AC ಸ್ಪರ್ಶಕ. ಇಲ್ಲಿ T ವೃತ್ತದ ಮೇಲೆ ಇರಲೇಬೇಕೆಂಬ ನಿಬಂಧನೆಯನ್ನು ಮರೆಯಬಾರದು. P ಯಿಂದ ಅಷ್ಟೇ ದೂರದಲ್ಲಿರುವ ಬೇರೆ ಬಿಂದುಗಳಿಗೂ ಸಮೀಕರಣ ಸರಿಹೋಗುತ್ತದೆ, ಆದರೆ ಅವು ಸ್ಪರ್ಶ ಬಿಂದುಗಳಲ್ಲ.

ದೀಪಸ್ತಂಭದಿಂದ ದಿಗಂತಕ್ಕೆ

ಕೊನೆಗೆ ಕಾಗದದ ಹೊರಗಿನ ಒಂದು ಲೆಕ್ಕ. ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿ ದೀಪಸ್ತಂಭದ ದೀಪವಿದೆ. ಅದರ ಬೆಳಕು ಸಮುದ್ರದ ಮೇಲೆ ಎಷ್ಟು ದೂರದವರೆಗೆ ನೇರವಾಗಿ ತಲುಪಬಹುದು? ದೀಪವೇ P, ಭೂಮಿಯ ಮೇಲ್ಮೈಯನ್ನು ಸವರಿಹೋಗುವ ಕಿರಣವೇ ಸ್ಪರ್ಶಕ, ದೀಪದಿಂದ ಭೂಕೇಂದ್ರದ ಮೂಲಕ ಹಾದು ಭೂಮಿಯ ಇನ್ನೊಂದು ಬದಿಗೆ ಹೋಗುವ ಗೆರೆಯೇ ಛೇದಕ. ಹೊರಗಿನ ಭಾಗ PA = 0.03 ಕಿ.ಮೀ.; ಜ್ಯಾ ಎಂದರೆ ಭೂಮಿಯ ವ್ಯಾಸ, ಸುಮಾರು 12,742 ಕಿ.ಮೀ. ಆದ್ದರಿಂದ PT² = 0.03 × 12,742.03, ಅಂದರೆ ಸುಮಾರು 382.3, PT ಸುಮಾರು 19.6 ಕಿ.ಮೀ. ಹೊರಗಿನ ಭಾಗ ಜ್ಯಾದ ಮುಂದೆ ಇಷ್ಟು ಚಿಕ್ಕದಾಗಿರುವಾಗ ಇಡೀ ಛೇದಕದ ಬದಲು ಜ್ಯಾವನ್ನೇ ಗುಣಿಸಿದರೂ ಉತ್ತರ ಬದಲಾಗುವುದಿಲ್ಲ; ಮೊದಲ ಹೆಜ್ಜೆಯ ತಪ್ಪು ತಪ್ಪಾಗದೆ ಉಳಿಯುವ ಜಾಗ ಇದೊಂದೇ.

ಇಲ್ಲಿ ಎಡವುವುದು ಬಹುತೇಕ ಏಕಮಾನಗಳಲ್ಲಿ. 30 ಎಂದು ಮೀಟರಿನಲ್ಲೇ ಬರೆದು ವ್ಯಾಸವನ್ನು ಕಿಲೋಮೀಟರಿನಲ್ಲಿ ಇಟ್ಟರೆ ಸುಮಾರು 619 ಎಂಬ ಉತ್ತರ ಬರುತ್ತದೆ, ಅದು ಯಾವ ಏಕಮಾನವೂ ಅಲ್ಲ. ಎತ್ತರವನ್ನು ಸ್ತಂಭದ ಬುಡದಿಂದಲ್ಲ, ಸಮುದ್ರಮಟ್ಟದಿಂದ ತೆಗೆದುಕೊಳ್ಳಬೇಕು. ಇನ್ನು ದೋಣಿಯಲ್ಲಿ ನಿಂತವರ ಕಣ್ಣು ನೀರಿನಿಂದ 3 ಮೀಟರ್ ಎತ್ತರದಲ್ಲಿದ್ದರೆ, ಅದೇ ಸ್ಪರ್ಶಕದ ಮೇಲೆ ಸ್ಪರ್ಶ ಬಿಂದುವಿನ ಆಚೆಗೆ ಅವರ ಪಾಲಿನ ಉದ್ದವನ್ನೂ ಹೀಗೇ ಕಂಡುಹಿಡಿದು ಕೂಡಿಸಬೇಕು: √(0.003 × 12,742) ಎಂದರೆ ಸುಮಾರು 6.2 ಕಿ.ಮೀ. ಒಟ್ಟು ಸುಮಾರು 25.7 ಕಿ.ಮೀ. ದೂರದಿಂದ ಆ ದೀಪ ಮೊದಲ ಸಲ ಕಾಣಬಹುದು. ವಾತಾವರಣವು ಬೆಳಕನ್ನು ತುಸು ಬಾಗಿಸುವುದರಿಂದ ನಿಜವಾದ ದೂರ ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.